‘ದೇಣಿಗೆ’ಯೋ, ‘ಪ್ರಾಯೋಜಕತ್ವ’ವೋ?

ಮಾನ್ಯರೇ,

ಹುಬ್ಬಳ್ಳಿಯಲ್ಲಿ ನಡೆಯಲಿರುವ ತಂತ್ರಾಂಶ ಸಮ್ಮೇಳನದ ಸಂಘಟಕರಿಗೆ ನಮ್ಮ ಸಣ್ಣ ಸಂಸ್ಥೆಯ ಪರವಾಗಿ ಹೀಗೆ ಬರೆದಿದ್ದೇನೆ:

“ಮುದ್ರಿತ ಕನ್ನಡವನ್ನು ಗಣಕ ಓದುವಾಗ ಒತ್ತಕ್ಷರಗಳು ತಪ್ಪುವುದನ್ನು ಕುರಿತು 20 ನಿಮಿಷ ಮಾತನಾಡುವ ಪ್ರಸ್ತಾಪವಿದೆ. ಜೊತೆಗೆ 50,000 ರೂಪಾಯಿ ದೇಣಿಗೆ ನೀಡುತ್ತೇವೆ. ವೇದಿಕೆಯ ಫಲಕದಲ್ಲಿ ನಮ್ಮ ಲಾಂಛನವಿರಲಿ, ಒಂದು ಮಳಿಗೆಯೂ ದೊರೆಯಲಿ.”

‘ಪ್ರಸ್ತಾಪ’ ಸರಿಯೇ? ‘ದೇಣಿಗೆ’ಯ ಬದಲು ‘ಪ್ರಾಯೋಜಕತ್ವ’ ಎನ್ನಬೇಕೇ?

ಮೈಸೂರಿನ ಸದಸ್ಯರು: ‘ಪ್ರಾಯೋಜಕ’ ಹಿಂದಿಯಿಂದ ಬಂದ ರೂಪ. ಪಾಣಿನಿಯಲ್ಲಿರುವುದು ‘ಪ್ರಯೋಜಕ’, ಅಂದರೆ ಇನ್ನೊಬ್ಬರಿಂದ ಕೆಲಸ ಮಾಡಿಸುವವನು. ಅದನ್ನೇ ಬಳಸಿರಿ.

ಕುಂದಾಪುರದ ಸದಸ್ಯರು: ನಮ್ಮಲ್ಲಿ ಯಕ್ಷಗಾನಕ್ಕೆ ಹಣ ಕೊಡುವವರನ್ನು ‘ಆಟ ಆಡಿಸುವವರು’ ಎನ್ನುತ್ತೇವೆ. ಕರಪತ್ರದಲ್ಲಿ ಅವರೇ ‘ಸೇವಾಕರ್ತರು’. ಕಳೆದ ವರ್ಷ ನಮ್ಮ ಮನೆಯ ಹರಕೆಯಾಟದ ಕರಪತ್ರದಲ್ಲಿ ನನ್ನ ಹೆಸರನ್ನೇ ತಪ್ಪಾಗಿ ಅಚ್ಚು ಹಾಕಿದ್ದರು!

ಧಾರವಾಡದ ಸದಸ್ಯರು: ಪಾಣಿನಿಯ ಮಾತು ನಿಜ, ‘ಆಡಿಸುವವರು’ ಎಂಬಲ್ಲಿರುವುದೂ ಅದೇ ಅರ್ಥ. ಆದರೆ ಕನ್ನಡದ ಕಿವಿಗೆ ‘ಪ್ರಯೋಜಕ’ ಎಂದೊಡನೆ ‘ಅಪ್ರಯೋಜಕ’ನ ನೆನಪಾಗುತ್ತದೆ. ‘ಪ್ರಾಯೋಜಕ’ ರೂಢಿಯಾಗಿದೆ, ಇರಲಿ. ‘ಪ್ರಸ್ತಾಪ’ವೆಂದರೆ ಮಾತಿನ ನಡುವೆ ವಿಷಯವೆತ್ತುವುದು. ಒಪ್ಪಿಗೆಗಾಗಿ ಮುಂದಿಡುವುದು ‘ಪ್ರಸ್ತಾವ’.

ಎಡವಟ್ಟಾಗುವುದು ‘ದೇಣಿಗೆ’ಯಲ್ಲಿ. ದೇಣಿಗೆ ಪ್ರತಿಫಲ ಬಯಸದೆ ಕೊಡುವಂಥದ್ದು. ಧರ್ಮಾರ್ಥ ಸಂಸ್ಥೆಯ ಗೋಡೆಯ ಮೇಲೆ ದಾನಿಯ ಹೆಸರನ್ನು, ಅವರ ವ್ಯಾಪಾರದ ಪ್ರಚಾರವಿಲ್ಲದಂತೆ, ಕೃತಜ್ಞತೆಗಾಗಿ ಬರೆಸಿದರೆ ಜಿಎಸ್‌ಟಿ ತಗಲದೆಂದು ಕೇಂದ್ರದ ತೆರಿಗೆ ಮಂಡಳಿ 2019ರಲ್ಲಿ ಸುತ್ತೋಲೆ ಹೊರಡಿಸಿದೆ. ನೀವು ಲಾಂಛನವನ್ನೂ ಮಳಿಗೆಯನ್ನೂ ಕೇಳಿರುವುದರಿಂದ ಅದು ಸೇವೆಗೆ ತೆರುವ ಹಣವಾಗುತ್ತದೆ. ಸಂಘಟಕರು ಶೇ 18ರಷ್ಟು ತೆರಿಗೆ ಸೇರಿಸಿ ಬಿಲ್ಲು ಕೊಟ್ಟರೆ 59,000 ರೂಪಾಯಿಯಾದೀತು. ಆದ್ದರಿಂದ ಮೊತ್ತವು ತೆರಿಗೆ ಸೇರಿಯೋ, ಹೊರತೋ ಎಂಬುದನ್ನು ಈಗಲೇ ಬರೆಯಿರಿ.

‘ಜೊತೆಗೆ’ಯನ್ನೂ ತೆಗೆಯಿರಿ. ಹಣ ಕೊಟ್ಟು ವೇದಿಕೆ ಕೊಂಡಂತೆ ಕೇಳಿಸುತ್ತದೆ. ಉಪನ್ಯಾಸಗಳನ್ನು ಆರಿಸುವವರು ಬೇರೆ, ಹಣಕಾಸು ನೋಡುವವರು ಬೇರೆ ಇರುವ ಕಡೆ ಇಂಥ ಪತ್ರ ಇಬ್ಬರ ನಡುವೆ ಸಿಕ್ಕಿಕೊಳ್ಳುತ್ತದೆ.

ಮೊದಲು ಕೇಳಿದವರು: ಧನ್ಯವಾದಗಳು. ಹೀಗೆ ತಿದ್ದಿದ್ದೇನೆ:

“ಮುದ್ರಿತ ಕನ್ನಡವನ್ನು ಗಣಕ ಓದುವಾಗ ಒತ್ತಕ್ಷರಗಳು ತಪ್ಪುವುದನ್ನು ಕುರಿತ 20 ನಿಮಿಷಗಳ ಉಪನ್ಯಾಸದ ಪ್ರಸ್ತಾವವನ್ನು ತಮ್ಮ ಪರಿಶೀಲನೆಗೆ ಸಲ್ಲಿಸುತ್ತಿದ್ದೇವೆ. ಅದು ಆಯ್ಕೆಯಾಗಲಿ, ಆಗದಿರಲಿ, ಲಾಂಛನ ಮತ್ತು ಒಂದು ಮಳಿಗೆಗೆ ಪ್ರತಿಯಾಗಿ, ತೆರಿಗೆ ಹೊರತು 50,000 ರೂಪಾಯಿಗಳ ಪ್ರಾಯೋಜಕತ್ವಕ್ಕೆ ಸಿದ್ಧರಿದ್ದೇವೆ.”

ಮೈಸೂರಿನ ಸದಸ್ಯರು: ಪತ್ರ ಚೆನ್ನಾಗಿದೆ. ಆದರೂ ‘ಪ್ರಾಯೋಜಕತ್ವ’ವನ್ನು ನಾನು ಒಪ್ಪಲಾರೆ.