ಸಹಾಯ ಬೇಕು: ಪೋಸ್ಟರ್‌ನಲ್ಲಿ ಒಂದು ಮುಖ ಮಾತ್ರ ಅಂಟಿಸಿದ ಹಾಗೆ ಕಾಣ್ತಿದೆ

ಎಲ್ಲರಿಗೂ ನಮಸ್ಕಾರ. ಗೆಳೆಯರ ಮುಖ ಹಾಕಿ ಸುಳ್ಳು ಸಿನಿಮಾ ಪೋಸ್ಟರ್ ಮಾಡ್ತಿದ್ದೀನಿ. ಫೋಟೋಶಾಪ್, 12×18 ಇಂಚು. ಪಾತ್ರಗಳು ನಾಲ್ಕು: ಇನ್ಸ್‌ಪೆಕ್ಟರ್, ಗೌಡ, ರೌಡಿ, ಕಂಡಕ್ಟರ್. ಬೆಳಕು ಎಡಗಡೆ ಮೇಲಿಂದ, ಹಳದಿ ಛಾಯೆ.

ಮೂರು ಮುಖ ಕಿಟಕಿ ಬೆಳಕಲ್ಲಿ ತೆಗೆದದ್ದು, ಸರಿಯಾಗಿ ಕೂತಿವೆ. ಗೌಡರದ್ದು ಬಲಗಡೆ ಬೆಳಕಿತ್ತು, ತಿರುಗಿಸಿ ಹಾಕಿದೆ (ಬೈತಲೆ ಉಲ್ಟಾ ಆಯ್ತು, ಪೇಟ ಮುಚ್ಚುತ್ತೆ ಬಿಡಿ). ತೊಂದರೆ ಕಂಡಕ್ಟರ್‌ದು. ಮೊಬೈಲ್ ಫ್ಲ್ಯಾಶ್ ಎದುರಿಂದ ಬಿದ್ದು ಮೂಗಿನ ಪಕ್ಕ ನೆರಳೇ ಇಲ್ಲ, ಹಣೆ ಬೆಳ್ಳಗೆ ಹೊಳೀತಿದೆ.

Soft Light ಮೋಡ್‌ನಲ್ಲಿ 50% ಬೂದು ಲೇಯರ್ ಹಾಕಿ ಬಲಗೆನ್ನೆ, ಗದ್ದದ ಕೆಳಗೆ Burn ಮಾಡಿದೆ. ನೆರಳು ಬಂತು, ಆದರೆ ಚರ್ಮ ಬೂದಿ ಬಳಿದ ಹಾಗಾಯ್ತು. ಮೇಲೆ Black & White ಲೇಯರ್ ಇಟ್ಟು ನೋಡಿದರೆ ನಾಲ್ಕೂ ಮುಖದ ಕಪ್ಪು ಬಿಳುಪು ಹೊಂದುತ್ತೆ. ಹಾಗಾಗಿ ಎಡವಟ್ಟು ಇರೋದು ಬಣ್ಣದಲ್ಲೇ ಅನ್ಸುತ್ತೆ.

ನೆರಳಿಗೆ ಕೆಂಪು ಕಂದು ಬಣ್ಣ ತುಂಬೋಕೆ Multiply ಲೇಯರ್ ಒಳ್ಳೇದಾ, Curves ಮಾಸ್ಕಾ? ಹಣೆಯಲ್ಲಿ ಸುಟ್ಟುಹೋದ ಜಾಗಕ್ಕೆ ಬೇರೆ ಫೋಟೋದ ಚರ್ಮ ತರಲೇಬೇಕಾ? ಗ್ರೇನ್ ಇನ್ನೂ ಹಾಕಿಲ್ಲ, ಕೊನೆಗೆ ಎಲ್ಲದರ ಮೇಲೂ ಒಟ್ಟಿಗೆ ಹಾಕ್ತೀನಿ. ಫೋಟೋ ಮತ್ತೆ ತೆಗೆಯೋಕೆ ಆಗಲ್ಲ, ಆಸಾಮಿಗೆ ಇದು ಸರ್‌ಪ್ರೈಸ್.