ಹಡಗಿನ ಮೆಸೇಜಿನಲ್ಲಿ ಟೈಮಿನ ಕೊನೆಗೆ ಬರುವ ಒಂಟಿ ಅಕ್ಷರ

ಪ್ರಶ್ನೆ (ಗೌರಿಬಿದನೂರು): ನಮ್ಮಣ್ಣ ಸರಕು ಹಡಗಿನಲ್ಲಿ ಕೆಲಸ ಮಾಡುತ್ತಾನೆ. ಹೋದ ತಿಂಗಳು `ETD SANTOS 182200P` ಅಂತ ಕಳಿಸಿದ್ದ. ಈಗ `ETA JEBEL ALI 140600D` ಅಂತ ಬಂದಿದೆ. ಕೊನೆಯಲ್ಲಿರುವ P, D ಏನು? ನಮ್ಮ ಗಡಿಯಾರಕ್ಕೆ ಅದು ಎಷ್ಟು ಗಂಟೆ? ಅವನನ್ನು ಕೇಳೋಣ ಅಂದರೆ ನಡುಸಮುದ್ರದಲ್ಲಿದ್ದಾನೆ, ಫೋನ್ ಸಿಗೋದಿಲ್ಲ.

ಉತ್ತರ (ಕೋಲಾರ, ನಿವೃತ್ತ ಹಡಗು ರೇಡಿಯೋ ಆಫೀಸರ್): ETD ಅಂದರೆ ಹಡಗು ಹೊರಡುವ ಅಂದಾಜು ಟೈಮ್, ETA ಅಂದರೆ ಮುಟ್ಟುವ ಅಂದಾಜು ಟೈಮ್. ಮೊದಲ ಎರಡು ಅಂಕಿ ತಾರೀಖು, ಮುಂದಿನ ನಾಲ್ಕು ಗಂಟೆ ಮತ್ತು ನಿಮಿಷ. ಕೊನೆಯ ಅಕ್ಷರ, ಆ ಟೈಮ್ ಯಾವ ವಲಯದ್ದು ಅಂತ ಹೇಳುತ್ತದೆ. ಮಿಲಿಟರಿಯವರ ಪದ್ಧತಿ ಇದು, ಹಡಗಿನವರೂ ಬಳಸುತ್ತಾರೆ. ರೇಡಿಯೋದಲ್ಲಿ ನಾವು D ಅನ್ನುತ್ತಿರಲಿಲ್ಲ, ‘ಡೆಲ್ಟಾ’ ಅನ್ನುತ್ತಿದ್ದೆವು. P ಅಂದರೆ ‘ಪಾಪಾ’, Z ಅಂದರೆ ‘ಜುಲು’.

ಜುಲು ಅಂದರೆ ಗ್ರೀನ್‌ವಿಚ್ ಟೈಮ್, ಅಂದರೆ ಸೊನ್ನೆ. ಅಲ್ಲಿಂದ ಪೂರ್ವಕ್ಕೆ A ಒಂದು ಗಂಟೆ ಮುಂದೆ, B ಎರಡು, ಹೀಗೆ M ವರೆಗೆ ಹನ್ನೆರಡು. ಪಶ್ಚಿಮಕ್ಕೆ N ಒಂದು ಗಂಟೆ ಹಿಂದೆ, O ಎರಡು, ಹೀಗೆ Y ವರೆಗೆ ಹನ್ನೆರಡು. ಯಾವ ಅಕ್ಷರ ಬಂದರೂ ಮೊದಲು ಜುಲುಗೆ ಇಳಿಸಿಕೊಳ್ಳಿ, ಆಮೇಲೆ ಐದೂವರೆ ಗಂಟೆ ಕೂಡಿಸಿ. ನೇರವಾಗಿ ನಮ್ಮ ಟೈಮಿಗೆ ಹಾರಲು ಹೋದರೆ ತಾರೀಖು ತಪ್ಪುತ್ತದೆ.

ಅಣ್ಣನ ಮೆಸೇಜ್ ನೋಡೋಣ. ಡೆಲ್ಟಾ ನಾಲ್ಕು ಗಂಟೆ ಮುಂದೆ. 14ರ ಬೆಳಗ್ಗೆ 6ರಲ್ಲಿ 4 ಕಳೆದರೆ ಜುಲು 2 ಗಂಟೆ. ಐದೂವರೆ ಸೇರಿಸಿದರೆ 14ರ ಬೆಳಗ್ಗೆ 7:30. ಇದು ಸುಲಭ. ಸ್ಯಾಂಟೋಸ್‌ದು ನೋಡಿ. ಬ್ರೆಜಿಲ್‌ನ ಆ ಬಂದರು ಗ್ರೀನ್‌ವಿಚ್‌ಗಿಂತ ಮೂರು ಗಂಟೆ ಹಿಂದೆ, ಹಾಗಾಗಿ P. ಹಿಂದೆ ಇರುವುದರಿಂದ ಇಲ್ಲಿ ಕೂಡಿಸಬೇಕು. 18ರ ರಾತ್ರಿ 10ಕ್ಕೆ ಮೂರು ಸೇರಿದರೆ ಜುಲು 19ನೇ ತಾರೀಖು 1 ಗಂಟೆ. ನಮಗೆ 19ರ ಬೆಳಗ್ಗೆ 6:30. ಹಡಗು 18ರ ರಾತ್ರಿ ಹೊರಟಿತು ಅಂತ ಮನೆಯಲ್ಲಿ ಅಂದುಕೊಂಡಿದ್ದರೆ, ಅದು ನಿಜವಾಗಿ ಹೊರಟಿದ್ದು ಇಲ್ಲಿ ಹಾಲು ಕಾಯಿಸೋ ಹೊತ್ತಿಗೆ.

ಚಿಂತಾಮಣಿಯ ಮೇಷ್ಟ್ರು: ಇಷ್ಟೇನಾ ಸಾರ್? A ಒಂದು, B ಎರಡು ಅಂತ ಬೆರಳಲ್ಲಿ ಎಣಿಸಿದರೆ ಸಾಕು. I ಒಂಬತ್ತು, J ಹತ್ತು, K ಹನ್ನೊಂದು. ನಮ್ಮ ದೇಶ ಐದರ ಮೇಲೆ ಚಿಲ್ಲರೆ, ಅಂದರೆ E. ಮಕ್ಕಳಿಗೂ ಹೇಳಿಕೊಡಬಹುದು.

ಕೋಲಾರದ ರೇಡಿಯೋ ಆಫೀಸರ್: I ವರೆಗೆ ನೀವು ಹೇಳಿದ್ದು ಸರಿ ಮೇಷ್ಟ್ರೇ. ಆಮೇಲೆ ಜಾರಿತು. ಪಟ್ಟಿಯಲ್ಲಿ J ಗೆ ವಲಯವೇ ಇಲ್ಲ. ಬರೆಯುವವನು ಇರುವ ಜಾಗದ ಟೈಮ್, ಅದು ಯಾವುದೇ ಆಗಿರಲಿ, ಅನ್ನೋದಕ್ಕೆ J ಮೀಸಲು. ಹಾಗಾಗಿ K ಹತ್ತು, L ಹನ್ನೊಂದು, M ಹನ್ನೆರಡು. ನಿಮ್ಮ ಲೆಕ್ಕದಲ್ಲಿ M ಹದಿಮೂರಾಗುತ್ತದೆ. ಅಲ್ಲಿಗೆ ಬಂದಾಗ ತಪ್ಪು ಗೊತ್ತಾಗುತ್ತದೆ. ಸಿಡ್ನಿಯಿಂದ `0800K` ಬಂದಾಗ ಮಾತ್ರ ಗೊತ್ತಾಗುವುದಿಲ್ಲ, ಒಂದೇ ಗಂಟೆ ವ್ಯತ್ಯಾಸ, ಯಾರಿಗೂ ಅನುಮಾನ ಬರಲ್ಲ. N ನಿಂದ Y ವರೆಗೆ ಮಾತ್ರ ಎಲ್ಲೂ ಬಿಟ್ಟಿಲ್ಲ, ಧೈರ್ಯವಾಗಿ ಬೆರಳಲ್ಲಿ ಎಣಿಸಿ.

E ಅಂದರೆ ಪೂರ್ತಿ ಐದು ಗಂಟೆ, ಅದು ಕರಾಚಿಯ ಟೈಮ್. ನಮ್ಮ ಅರ್ಧ ಗಂಟೆಗೆ ಪಕ್ಕದಲ್ಲಿ ನಕ್ಷತ್ರ ಹಾಕುತ್ತಾರೆ, `E*`. ‘ಎಕೋ ಸ್ಟಾರ್’ ಅಂತ ಓದುತ್ತಾರೆ. ಅವಸರದಲ್ಲಿ ನಕ್ಷತ್ರ ಬಿಟ್ಟು ಬರೆಯುವವರೂ ಇದ್ದಾರೆ. ಮುಂಬೈ ಬಂದರಿನ ಬಗ್ಗೆ ಬರೀ E ಅಂತ ಬಂದರೆ ಊಹೆ ಮಾಡಬೇಡಿ, ಕೇಳಿಬಿಡಿ.

ಚಿಕ್ಕಬಳ್ಳಾಪುರದ ಗುಲಾಬಿ ಬೆಳೆಗಾರ: ನಂದೂ ಇದೇ ಗೋಳು ಸಾರ್. ಹೂವಿನ ಬಾಕ್ಸ್ ಆಮ್ಸ್ಟರ್‌ಡ್ಯಾಮ್‌ಗೆ ಕಳಿಸುತ್ತೇವೆ. ಟ್ರ್ಯಾಕಿಂಗ್‌ನಲ್ಲಿ `2025-07-14T18:45:00Z` ಅಂತ ಇತ್ತು. ಈ ಲೆಕ್ಕದಲ್ಲಿ T ಅಂದರೆ ಏಳು ಗಂಟೆ ಹಿಂದೆ ಅಲ್ವಾ? ಅಮೆರಿಕಾ ಟೈಮ್ ಯಾಕೆ ಕೊಟ್ಟಿದ್ದಾರೆ?

ಕೋಲಾರದ ರೇಡಿಯೋ ಆಫೀಸರ್: ಆ T ವಲಯ ಅಲ್ಲ ಸ್ವಾಮಿ. ತಾರೀಖು ಮುಗಿಯಿತು, ಟೈಮ್ ಶುರುವಾಯಿತು ಅಂತ ತೋರಿಸುವ ಗುರುತು, ಅಷ್ಟೇ. ನೋಡಬೇಕಾದ್ದು ಕೊನೆಯ Z. 18:45ಕ್ಕೆ ಐದೂವರೆ ಸೇರಿಸಿ, 15ರ ಮಧ್ಯರಾತ್ರಿ ಕಳೆದು ಹದಿನೈದು ನಿಮಿಷ. 14ರ ಸಂಜೆ ಆರೂಮುಕ್ಕಾಲು ಅಂತ ಓದಿದ್ದರೆ ಗಾಡಿಯನ್ನು ಸುಮ್ನೆ ಬೇಗ ಓಡಿಸಿರುತ್ತೀರಿ.

ಇನ್ನೊಂದು ವಿಷಯ. ಬೇಸಿಗೆಗೆ ಗಡಿಯಾರ ತಿರುಗಿಸುವ ಊರುಗಳಲ್ಲಿ ಅಕ್ಷರವೇ ಬದಲಾಗುತ್ತದೆ. ಆಮ್ಸ್ಟರ್‌ಡ್ಯಾಮ್ ಚಳಿಗಾಲದಲ್ಲಿ A, ಬೇಸಿಗೆಯಲ್ಲಿ B. ಆದರೆ A ಯಾವತ್ತೂ ಒಂದೇ ಗಂಟೆ, B ಯಾವತ್ತೂ ಎರಡೇ. ಮೆಸೇಜಿನಲ್ಲಿ ಅಕ್ಷರ ಇದ್ದರೆ ಆ ಊರಲ್ಲಿ ಈಗ ಯಾವ ಕಾಲ ಅಂತ ನೀವು ತಲೆ ಕೆಡಿಸಿಕೊಳ್ಳಬೇಕಿಲ್ಲ.

ತುಮಕೂರು, ಸಾಫ್ಟ್‌ವೇರ್ ಕೆಲಸದವಳು: ಈ ಅಕ್ಷರಗಳನ್ನು ಕಂಪ್ಯೂಟರ್‌ಗೆ ನೇರವಾಗಿ ಕೊಡಬೇಡಿ. 1982ರಲ್ಲಿ ಬಂದ ಇಮೇಲ್ ನಿಯಮ RFC 822ರಲ್ಲಿ ಕೂಡೋದು ಕಳೆಯೋದು ಉಲ್ಟಾ ಅಚ್ಚಾಗಿಬಿಟ್ಟಿತು. A ಒಂದು ಗಂಟೆ ಹಿಂದೆ, N ಒಂದು ಗಂಟೆ ಮುಂದೆ ಅಂತ. ತಪ್ಪು ಅಂತ 1989ರಲ್ಲಿ ಇನ್ನೊಂದು RFC ಹೇಳಿತು. ಅಷ್ಟರಲ್ಲಿ ಅದನ್ನು ನಂಬಿ ಬರೆದ ಪ್ರೋಗ್ರಾಮ್‌ಗಳು ಇದ್ದವು. ಹಾಗಾಗಿ 2001ರ ನಿಯಮ, ಇಮೇಲ್‌ನಲ್ಲಿ ಇಂಥ ಅಕ್ಷರ ಕಂಡರೆ ವಲಯ ಗೊತ್ತಿಲ್ಲ ಅಂತ ಭಾವಿಸಿ ಅನ್ನುತ್ತದೆ. Z ಒಂದಕ್ಕೆ ತೊಂದರೆ ಇಲ್ಲ, ಸೊನ್ನೆಗೆ ಉಲ್ಟಾ ಎಲ್ಲಿದೆ? ಅಣ್ಣನ ಟೈಮನ್ನು ನಾನಾದರೆ ಹೀಗೆ ಕೊಡುತ್ತೇನೆ:

```
TZ=Asia/Kolkata date -d '2025-07-14 06:00 +0400'
```

ಲಿನಕ್ಸ್‌ನಲ್ಲಿ ಇದು 07:30 ತೋರಿಸಬೇಕು. `+0400` ಜಾಗದಲ್ಲಿ `D` ಹಾಕಿ ನೋಡಿ. 15:30 ಬಂದರೆ ನಿಮ್ಮ ಮೆಷೀನ್ ಉಲ್ಟಾ ಓದುತ್ತಿದೆ ಅಂತ ಅರ್ಥ.

ಕೋಲಾರದ ರೇಡಿಯೋ ಆಫೀಸರ್: ಇದು ನನಗೆ ಗೊತ್ತಿರಲಿಲ್ಲಮ್ಮ. ಆದರೆ ಹಡಗಿನಲ್ಲೂ ಇಂಥ ಒಂದು ಉಲ್ಟಾ ಇದೆ, ಅದು ತಪ್ಪಲ್ಲ. ನೌಕಾಯಾನದ ಪುಸ್ತಕಗಳಲ್ಲಿ ವಲಯಕ್ಕೆ ZD ಅಂತ ಸಂಖ್ಯೆ ಬರೆಯುತ್ತಾರೆ. ಸ್ಥಳೀಯ ಟೈಮಿಗೆ ಎಷ್ಟು ಸೇರಿಸಿದರೆ ಗ್ರೀನ್‌ವಿಚ್ ಬರುತ್ತದೆ ಅನ್ನೋದು ಅದರ ಅರ್ಥ. ಹಾಗಾಗಿ ಡೆಲ್ಟಾಗೆ `ZD -4`. ಅಣ್ಣ ಯಾವತ್ತಾದರೂ ಹಾಗೆ ಬರೆದರೆ ಮೈನಸ್ ನೋಡಿ ಹಡಗು ಅಮೆರಿಕಾ ಕಡೆ ಹೋಯಿತು ಅಂದುಕೊಳ್ಳಬೇಡಿ.

ಗೌರಿಬಿದನೂರು: ತುಂಬಾ ಥ್ಯಾಂಕ್ಸ್ ಸಾರ್. ಒಂದು ಅನುಮಾನ ಉಳಿಯಿತು. ಜೆಬೆಲ್ ಅಲಿ ಬಂದರು ಇರುವ ದುಬೈ ಟೈಮ್ D ಅಂತ ಅವನು ಬರೆದಿದ್ದಾನಾ, ಅಥವಾ ಹಡಗಿನ ಗಡಿಯಾರ ಆಗಲೇ D ಗೆ ಬಂದಿದೆಯಾ?

ಕೋಲಾರದ ರೇಡಿಯೋ ಆಫೀಸರ್: ಮೆಸೇಜ್ ನೋಡಿ ಅದು ಹೇಳೋಕಾಗಲ್ಲ. ಎರಡಾದರೂ ಹಡಗು ಮುಟ್ಟುವ ಟೈಮ್ ನಿಮಗೆ 7:30ರೇ. ವ್ಯತ್ಯಾಸ ಆಗೋದು ಅವನು ಎಷ್ಟೊತ್ತಿಗೆ ಮಲಗುತ್ತಾನೆ, ಎಷ್ಟೊತ್ತಿಗೆ ವಾಚ್‌ಗೆ ಹೋಗುತ್ತಾನೆ ಅನ್ನೋದಕ್ಕೆ. ಹಡಗು ಪೂರ್ವಕ್ಕೆ ಸಾಗಿದ ಹಾಗೆ ಗಡಿಯಾರವನ್ನು ಯಾವ ರಾತ್ರಿ ಒಂದು ಗಂಟೆ ಮುಂದಿಡಬೇಕು ಅಂತ ಕ್ಯಾಪ್ಟನ್ ತೀರ್ಮಾನಿಸುತ್ತಾರೆ. ಈಗ ಹಡಗಿನಲ್ಲಿ ಯಾವ ಅಕ್ಷರ ನಡೀತಿದೆ ಅಂತ ಮುಂದಿನ ಮೆಸೇಜಿನಲ್ಲಿ ಕೇಳಿ.