ಐಐಪಿ ಏರಿತು, ಪಿಎಂಐ ಇಳಿಯಿತು: ಷೇರು ಕೊಳ್ಳುವಾಗ ಯಾವುದನ್ನು ನಂಬೋದು?

ಕೇಳಿದವರು, ಬಳ್ಳಾರಿ: ಜೀನ್ಸ್ ಹೊಲಿಯುವ ಘಟಕ ಇದೆ. ಉಳಿದ ದುಡ್ಡಲ್ಲಿ ಉಕ್ಕಿನ ಷೇರು ತಗೊಳ್ಳೋಣ ಅಂತಿದ್ದೀನಿ. ಹಣದುಬ್ಬರ, ಕೈಗಾರಿಕಾ ಉತ್ಪಾದನೆಯ ಸೂಚ್ಯಂಕವಾದ ಐಐಪಿ, ಕಾರ್ಖಾನೆಗಳನ್ನು ಕೇಳಿ ಮಾಡುವ ಪಿಎಂಐ ಸಮೀಕ್ಷೆ, ಮೂರೂ ಒಂದೊಂದು ಕಥೆ ಹೇಳುತ್ತವೆ. ಅನುಭವ ಇದ್ದವರು ಹೇಳಿ.

ಗಿಣಿಗೇರಾ: ಪಿಎಂಐ ಒಂದೇ ಸಾಕು ಅಣ್ಣ. ತಿಂಗಳ ಮೊದಲ ಕೆಲಸದ ದಿನವೇ ಬರುತ್ತೆ. ಐಐಪಿ ಬರೋಷ್ಟರಲ್ಲಿ ಸುದ್ದಿ ಹಳೆಯದಾಗಿರುತ್ತೆ. 55 ಬಂತು ಅಂದ್ರೆ ಉತ್ಪಾದನೆ ಶೇ 5 ಏರಿದೆ ಅಂತ ಲೆಕ್ಕ.

ತೋರಣಗಲ್ಲು: ಬೇಗ ಬರುತ್ತೆ ಅನ್ನೋದು ನಿಜ. ಆದರೆ ಶೇ 5ರ ಲೆಕ್ಕ ತಪ್ಪು. ಸುಮಾರು 400 ಕಾರ್ಖಾನೆಗಳನ್ನು ಕೇಳುತ್ತಾರೆ: ಹೋದ ತಿಂಗಳಿಗಿಂತ ಹೆಚ್ಚಾ, ಅಷ್ಟೇನಾ, ಕಡಿಮೆಯಾ? ನೂರರಲ್ಲಿ 30 ಜನ ಹೆಚ್ಚು, 50 ಜನ ಅಷ್ಟೇ, 20 ಜನ ಕಡಿಮೆ ಅಂದರೆ, 30ಕ್ಕೆ 50ರ ಅರ್ಧ ಸೇರಿಸಿ 55. ಎಷ್ಟು ಹೆಚ್ಚಾಯಿತು ಅಂತ ಅದರಲ್ಲಿ ಇರೋದೇ ಇಲ್ಲ.

ಐಐಪಿ ನಿಜವಾದ ಉತ್ಪಾದನೆಯನ್ನೇ ಅಳೆಯುತ್ತೆ. ಆದರೆ ಪೇಪರಿನಲ್ಲಿ ಬರುವ ಶೇಕಡಾ, ಹೋದ ವರ್ಷದ ಅದೇ ತಿಂಗಳಿಗೆ ಹೋಲಿಸಿದ್ದು. ನಾನು ಕೈ ಸುಟ್ಟುಕೊಂಡಿದ್ದು ಅಲ್ಲೇ. 2021ರ ಏಪ್ರಿಲ್ ಐಐಪಿ ಶೇ 134 ಏರಿಕೆ ಅಂತ ಜೂನ್‌ನಲ್ಲಿ ಓದಿ, ಮರುದಿನವೇ ಒಂದು ಸಣ್ಣ ಕಂಪನಿಯ ಷೇರು ತಗೊಂಡೆ. ಆಮೇಲೆ ನಷ್ಟದಲ್ಲಿ ಮಾರಿದೆ. ಸೂಚ್ಯಂಕವನ್ನೇ ನೋಡಿದ್ದರೆ ಸಾಕಿತ್ತು. 2019ರ ಏಪ್ರಿಲ್‌ನಲ್ಲಿ 126.5, ಲಾಕ್‌ಡೌನಿನ 2020ರಲ್ಲಿ 54, 2021ರಲ್ಲಿ 126.6. ಎರಡು ವರ್ಷ ಕಳೆದರೂ ಇದ್ದಲ್ಲೇ ಇತ್ತು, ಅಲ್ವಾ? ಅಷ್ಟೊತ್ತಿಗೆ ಮೇ ತಿಂಗಳ ಪಿಎಂಐ 55.5ರಿಂದ 50.8ಕ್ಕೆ ಇಳಿದ ಸುದ್ದಿಯೂ ಬಂದಿತ್ತು. ನಾನು ನೋಡಿರಲಿಲ್ಲ.

ರಾಯಚೂರು: ನಮ್ಮದು ಬೇಳೆ ವ್ಯಾಪಾರ. ಹಣದುಬ್ಬರ ಇಳಿಯುತ್ತಿದೆ ಅಂತಾರೆ. ಈಗ ತೊಗರಿ ದಾಸ್ತಾನು ಇಟ್ಟರೆ ನಷ್ಟವಾ?

ತೋರಣಗಲ್ಲು: ಅದಕ್ಕೆ ಎಪಿಎಂಸಿ ಆವಕ ನೋಡಿ ಸರ್, ಇವರು ಕೇಳಿದ್ದು ಷೇರು. ಚಿಲ್ಲರೆ ಹಣದುಬ್ಬರದಲ್ಲಿ ಊಟ, ತಿಂಡಿ ಸಾಮಾನಿನ ಪಾಲು ದೊಡ್ಡದು. ಅದು ರಿಸರ್ವ್ ಬ್ಯಾಂಕ್ ಬಡ್ಡಿ ಏನಾಗಬಹುದು ಅಂತ ತಿಳಿಯಲು ಬೇಕು. ಉಕ್ಕಿನ ಕಂಪನಿಯ ಲಾಭ ತಿಳಿಯಲು ಕಲ್ಲಿದ್ದಲು, ಅದಿರು, ಉಕ್ಕಿನ ದರ ನೋಡಬೇಕು. ಪಿಎಂಐ ವರದಿಯಲ್ಲೂ ಕಚ್ಚಾ ಮಾಲಿನ ದರ, ಮಾರುವ ದರ ಎರಡೂ ಬೇರೆ ಬೇರೆ ಇರುತ್ತವೆ. ಮೊದಲನೆಯದು ಜೋರಾಗಿ ಏರಿ ಎರಡನೆಯದು ಏರದಿದ್ದರೆ, 55 ಬಂದರೂ ನಾನು ಕಾಯುತ್ತೇನೆ. ಅದು ಎಲ್ಲ ಕಾರ್ಖಾನೆ ಸೇರಿದ ಲೆಕ್ಕ, ಉಕ್ಕಿನದೊಂದೇ ಅಲ್ಲ, ಅಷ್ಟು ನೆನಪಿರಲಿ.

ಕೇಳಿದವರು: ಇದು ಅರ್ಥವಾಯ್ತು. ಹೋದ ಸಲ ಡೆನಿಮ್ ದರ ಏರಿತು, ವ್ಯಾಪಾರಿ ಪ್ಯಾಂಟಿಗೆ ಹಳೇ ರೇಟೇ ಕೊಟ್ಟ. ಆರ್ಡರ್ ತುಂಬಾ ಇತ್ತು, ಕೈಗೆ ಏನೂ ಉಳಿಯಲಿಲ್ಲ.

ಗಿಣಿಗೇರಾ: ಶೇ 5ರ ಮಾತು ವಾಪಸ್ ತಗೊಂಡೆ. ಆದರೆ ಎಲ್ಲರೂ ಒಳ್ಳೆ ಅಂಕಿ ಬರುತ್ತೆ ಅಂತ ಮೊದಲೇ ಕೊಂಡಿದ್ದರೆ, ಬಂದ ದಿನ ಷೇರು ಇಳಿಯುತ್ತಲ್ಲ? ಅದನ್ನು ಹೇಗೆ ನೋಡೋದು?

ತೋರಣಗಲ್ಲು: ಅಂದಾಜು ಎಷ್ಟಿತ್ತು ಅಂತ ಹಿಂದಿನ ದಿನ ಬರೆದಿಟ್ಟುಕೊಳ್ಳುತ್ತೇನೆ. ಆದರೂ ಎಷ್ಟೋ ಸಲ ತಪ್ಪಿದೆ.